ಹಳ್ಳದ ಹರಿವು ಅಳೆದಾಗ ಯಾವ ದೋಷ ದೊಡ್ಡದು?

ಪ್ರಶ್ನೆ: ಸರ್, ನಾನು ಶಿರಸಿಯಲ್ಲಿ ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದೇನೆ. ಪ್ರಾಜೆಕ್ಟಿಗೆಂದು ನಮ್ಮ ತೋಟದ ಕೆಳಗಿನ ಹಳ್ಳದ ಹರಿವು ಅಳೆದೆ. 10 ಮೀಟರ್ ದೂರಕ್ಕೆ ಹಳ್ಳದ ನಡುವೆ ನಿಂಬೆಹಣ್ಣು ತೇಲಿಬಿಟ್ಟು ಹತ್ತು ಸಲ ಸಮಯ ಹಿಡಿದೆ, ಸರಾಸರಿ 40 ಸೆಕೆಂಡ್. ಮೂರು ಕಡೆ ಆಳ ಅಳೆದೆ, ಅಡ್ಡಕೊಯ್ತದ ಸರಾಸರಿ 0.284 ಚದರ ಮೀಟರ್. ಪುಸ್ತಕದಲ್ಲಿದ್ದ 0.85 ರಿಂದ ಗುಣಿಸಿದರೆ ಸೆಕೆಂಡಿಗೆ 60 ಲೀಟರ್ ಬಂತು. 'ಸ್ಟಾಪ್‌ವಾಚ್ ಒತ್ತುವ ತಡವೇ ಮುಖ್ಯ ದೋಷ' ಎಂದು ಬರೆದಿದ್ದಕ್ಕೆ ಗೈಡ್ ಸರ್ ಒಪ್ಪಲಿಲ್ಲ. ದೋಷಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಯಾವುದು ಪ್ರಧಾನ, ಏಕೆ ಎಂದು ಸಮರ್ಥಿಸಿ ತಾ ಅಂದರು. ಹೇಗೆ ಮಾಡುವುದು? ರೀಡಿಂಗ್ ಎಲ್ಲ ಜೊತೆಗೆ ಕಳಿಸಿದ್ದೇನೆ.

ಉತ್ತರ: ನಿಮ್ಮ ಗೈಡ್ ಹೇಳಿದ್ದು ಸರಿ. ನಿಮ್ಮ ಲೆಕ್ಕದಲ್ಲಿ ಅತಿ ದೊಡ್ಡ ಅನಿಶ್ಚಿತತೆ ಇರುವುದು ನೀವು ಅಳೆಯದೇ ಪುಸ್ತಕದಿಂದ ಎತ್ತಿಕೊಂಡ ಆ 0.85 ರಲ್ಲಿ. ಸ್ಟಾಪ್‌ವಾಚ್ ಕೊನೆಯ ಸಾಲಿನಲ್ಲಿ ನಿಲ್ಲುತ್ತದೆ. ಆದರೆ ನಾನು ಹೇಳಿದೆ ಎಂದು ಬರೆದರೆ ಅದು ಸಮರ್ಥನೆಯಾಗುವುದಿಲ್ಲ. ನಿಮ್ಮ ರೀಡಿಂಗ್‌ಗಳನ್ನೇ ಇಟ್ಟುಕೊಂಡು ಒಂದೊಂದಾಗಿ ತೂಗೋಣ.

ಮೊದಲು ಸಮಯದಿಂದ ಶುರು ಮಾಡುತ್ತೇನೆ, ಏಕೆಂದರೆ ನಿಮ್ಮ ಮನಸ್ಸು ಅಲ್ಲಿಗೇ ಹೋಗಿದೆ. ನೀವು ಕಳಿಸಿದ ಹತ್ತು ರೀಡಿಂಗ್: 38, 41, 44, 37, 40, 42, 39, 36, 43, 40. ಕಡಿಮೆಯದು 36, ಹೆಚ್ಚಿನದು 44. ಇಷ್ಟು ಏರುಪೇರು ಕಂಡಾಗ ಕೈ ತಡವಾಯಿತು ಅನ್ನಿಸುವುದು ಸಹಜ. ಆದರೆ ಗುಂಡಿ ಒತ್ತುವಾಗ ಬೆರಳು ತಡ ಮಾಡುವುದು ಹೆಚ್ಚೆಂದರೆ ಕಾಲು ಸೆಕೆಂಡ್. ಅದೂ ಶುರುವಿಗೆ ಒತ್ತುವಾಗ ಎಷ್ಟು ತಡವೋ ನಿಲ್ಲಿಸುವಾಗಲೂ ಹೆಚ್ಚುಕಡಿಮೆ ಅಷ್ಟೇ ತಡ, ಒಂದನ್ನೊಂದು ಬಹುಮಟ್ಟಿಗೆ ಕಳೆದುಕೊಳ್ಳುತ್ತವೆ. ನಿಮ್ಮ ರೀಡಿಂಗ್‌ಗಳ ಪ್ರಮಾಣಿತ ವಿಚಲನೆ ತೆಗೆದರೆ 2.6 ಸೆಕೆಂಡ್ ಬರುತ್ತದೆ. ಬೆರಳಿನಿಂದ ಬರಬಹುದಾದದ್ದಕ್ಕಿಂತ ಇದು ಹತ್ತು ಪಟ್ಟು. ಅಂದರೆ ಈ ಏರುಪೇರು ನೀರಿನದ್ದೇ. ಒಂದು ನಿಂಬೆಹಣ್ಣು ನೇರ ಹೋಯಿತು, ಇನ್ನೊಂದು ಕಲ್ಲಿನ ಹಿಂದಿನ ಸುಳಿಯಲ್ಲಿ ಒಂದು ಸುತ್ತು ಹಾಕಿ ಹೊರಟಿತು. ಸ್ಟಾಪ್‌ವಾಚ್ ಬದಲು ಲೇಸರ್ ಇಟ್ಟಿದ್ದರೂ 36 ಮತ್ತು 44 ಬರುತ್ತಲೇ ಇದ್ದವು.

ಇಂಥ ಏರುಪೇರಿಗೆ ಮದ್ದು ಪುನರಾವರ್ತನೆ, ಅದನ್ನು ನೀವು ಮಾಡಿದ್ದೀರಿ. ಹತ್ತು ಸಲದ ಸರಾಸರಿಯ ಅನಿಶ್ಚಿತತೆ 2.6 ನ್ನು √10 ರಿಂದ ಭಾಗಿಸಿದಷ್ಟು, ಸುಮಾರು 0.8 ಸೆಕೆಂಡ್. 40 ಕ್ಕೆ 0.8 ಎಂದರೆ ಶೇಕಡಾ 2. ಬೆರಳಿನ ತಡದ ಏರುಪೇರು ಈ ಶೇಕಡಾ 2 ರ ಒಳಗೇ ಇದೆ, ಏಕೆಂದರೆ ಪ್ರತಿ ರೀಡಿಂಗ್‌ನಲ್ಲೂ ಅದು ಬೆರೆತೇ ಬಂದಿದೆ. ವರದಿಯಲ್ಲಿ 'ಸಮಯದ ಏರುಪೇರು' ಎಂದೊಂದು ಸಾಲು, 'ಪ್ರತಿಕ್ರಿಯಾ ಸಮಯ' ಎಂದು ಇನ್ನೊಂದು ಸಾಲು ಬರೆದರೆ ಒಂದೇ ಸಾಲವನ್ನು ಎರಡು ಪುಸ್ತಕದಲ್ಲಿ ಬರೆದ ಹಾಗೆ. ಈ ತಪ್ಪನ್ನು ನಾನು ಪ್ರತಿವರ್ಷ ನೋಡುತ್ತೇನೆ.

ದೂರ ಅಳೆದದ್ದನ್ನು ಬೇಗ ಮುಗಿಸಬಹುದು. ಟೇಪು ಸ್ವಲ್ಪ ಜೋತುಬಿದ್ದಿರಬಹುದು, ಗೂಟ ನಾಲ್ಕು ಬೆರಳು ಆಚೀಚೆ ಇರಬಹುದು. 10 ಮೀಟರಿಗೆ 5 ಸೆಂಟಿಮೀಟರ್, ಅಂದರೆ ಶೇಕಡಾ ಅರ್ಧ. ಅಷ್ಟಕ್ಕೇ ಬಿಡಿ.

ಅಡ್ಡಕೊಯ್ತ ಅಷ್ಟು ಸುಲಭದ್ದಲ್ಲ. ನೀವು 2.4 ಮೀಟರ್ ಅಗಲದಲ್ಲಿ 40 ಸೆಂಟಿಮೀಟರಿಗೊಮ್ಮೆ ಕೋಲು ಇಳಿಸಿದ್ದೀರಿ. ನಡುವಿನ ಅಡ್ಡಗೆರೆಯ ಆಳಗಳು 9, 16, 21, 17, 8 ಸೆಂಟಿಮೀಟರ್; ಅದರಿಂದ 0.284 ಬರುತ್ತದೆ. ಮೇಲಿನ ಅಡ್ಡಗೆರೆಯಲ್ಲಿ 0.270, ಕೆಳಗಿನದರಲ್ಲಿ 0.298. ಈ ಮೂರರ ವ್ಯತ್ಯಾಸದಿಂದ ಸರಾಸರಿಗೆ ಬರುವ ಅನಿಶ್ಚಿತತೆ ಶೇಕಡಾ 2.85. ಮೂರೇ ಅಡ್ಡಗೆರೆಯಾದ್ದರಿಂದ ಈ ಅಂಕಿಯನ್ನು ತೀರಾ ನಂಬಿ ಕೂರಬೇಡಿ, ಆದರೂ ಎಷ್ಟು ದೊಡ್ಡದು ಎಂದು ತಿಳಿಯಲು ಸಾಕು. ಇದರ ಮೇಲೆ ಎಲ್ಲ ರೀಡಿಂಗಿಗೂ ಒಂದೇ ದಿಕ್ಕಿನಲ್ಲಿ ತಗಲುವ ಇನ್ನೊಂದು ದೋಷವಿದೆ. ಕೋಲಿನ ತುದಿ ಮರಳಿನೊಳಗೆ ಇಳಿದರೆ ಆಳ ಹೆಚ್ಚು ತೋರುತ್ತದೆ, ಗುಂಡುಕಲ್ಲಿನ ನೆತ್ತಿಯ ಮೇಲೆ ನಿಂತರೆ ಕಡಿಮೆ ತೋರುತ್ತದೆ. ನಿಮ್ಮ ಹಳ್ಳದ ತಳದಲ್ಲಿ ಎರಡೂ ಇವೆ. ಅರ್ಧ ಸೆಂಟಿಮೀಟರ್ ಆಚೆ ಅಥವಾ ಈಚೆ ಎಂದು ಇಟ್ಟುಕೊಂಡರೆ ಶೇಕಡಾ 2. ಎರಡನ್ನೂ ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆದರೆ ಅಡ್ಡಕೊಯ್ತದ್ದು ಒಟ್ಟು ಶೇಕಡಾ 3.5.

ಇನ್ನು ಆ ಗುಣಾಂಕ. ಇಲ್ಲಿ ಸ್ವಲ್ಪ ನಿಲ್ಲಬೇಕು.

ತೇಲುವ ನಿಂಬೆಹಣ್ಣು ತೋರಿಸುವುದು ಮೇಲ್ಮೈಯ ವೇಗವನ್ನು. ತಳದ ನೀರು ಕಲ್ಲಿಗೆ ಉಜ್ಜಿಕೊಂಡು ನಿಧಾನ ಹೋಗುತ್ತದೆ. ಹಾಗಾಗಿ ಮೇಲಿನ ವೇಗವನ್ನು ಒಂದು ಸಂಖ್ಯೆಯಿಂದ ಇಳಿಸಿ ಆಳದ ಸರಾಸರಿಗೆ ತರಬೇಕು. 0.85 ಎಂಬ ಸಂಖ್ಯೆ ಬಂದದ್ದು ಆಳವಾದ, ತಳ ನುಣುಪಾದ ಹರಿವಿನಿಂದ. ನಿಮ್ಮ ಹಳ್ಳದ ಸರಾಸರಿ ಆಳ 12 ಸೆಂಟಿಮೀಟರ್. ತಳದ ಕಲ್ಲುಗಳು ಎಷ್ಟು ದಪ್ಪ? ಮುಂದಿನ ಸಲ ಹೋದಾಗ ಬಗ್ಗಿ ಹತ್ತು ಕಲ್ಲು ಎತ್ತಿ ಅಳೆಯಿರಿ. ಕೆಲವು ನಿಂಬೆಯಷ್ಟು, ಕೆಲವು ತೆಂಗಿನಕಾಯಿಯಷ್ಟು ಇರುತ್ತವೆ. ಅಂಗೈಯನ್ನು ತಳದಲ್ಲಿ, ಎರಡು ಕಲ್ಲುಗಳ ನಡುವೆ ಇಟ್ಟು ನೋಡಿ. ಅಲ್ಲಿ ನೀರು ಹೆಚ್ಚುಕಡಿಮೆ ನಿಂತೇ ಇರುತ್ತದೆ. ಅದೇ ಕೈಯನ್ನು ನಾಲ್ಕು ಬೆರಳಿನಷ್ಟು ಮೇಲೆತ್ತಿದರೆ ಬೆರಳುಗಳ ನಡುವೆ ನೀರು ಎಳೆಯುವುದು ಗೊತ್ತಾಗುತ್ತದೆ. 12 ಸೆಂಟಿಮೀಟರಿನಲ್ಲಿ ಕೆಳಗಿನ ಮೂರು ನಾಲ್ಕು ಸೆಂಟಿಮೀಟರ್ ಹೀಗೆ ಸೋಮಾರಿಯಾಗಿದ್ದರೆ ಸರಾಸರಿ ಎಷ್ಟು ಇಳಿಯಬೇಕು, ಯೋಚಿಸಿ. ಅದೇ 3 ಮೀಟರ್ ಆಳದ ಹೊಳೆಯಲ್ಲಿ ತಳದ ನಾಲ್ಕು ಸೆಂಟಿಮೀಟರ್ ಲೆಕ್ಕಕ್ಕೇ ಬರುವುದಿಲ್ಲ.

ಇದನ್ನು ಅಂಕಿಯಲ್ಲಿ ಹಿಡಿಯಬಹುದು. ಒರಟು ತಳದ ಮೇಲೆ ವೇಗ ಆಳದೊಂದಿಗೆ ಲಾಗರಿದಮ್ ರೀತಿಯಲ್ಲಿ ಏರುತ್ತದೆ ಎಂದು ಹಿಡಿದರೆ ಗುಣಾಂಕಕ್ಕೆ ಒಂದು ಸರಳ ಸೂತ್ರ ಸಿಗುತ್ತದೆ:

```
k = 1 − 1 / ln(30 h / s)
```

ಇಲ್ಲಿ h ಆಳ, s ತಳದ ಕಲ್ಲಿನ ಗಾತ್ರ. h 12 ಸೆಂಟಿಮೀಟರ್ ಇಟ್ಟು, ಕಲ್ಲು 2 ಸೆಂಟಿಮೀಟರ್ ಎಂದರೆ 0.81 ಬರುತ್ತದೆ. ಕಲ್ಲು 5 ಸೆಂಟಿಮೀಟರ್ ಆದರೆ 0.77, 10 ಆದರೆ 0.72. ಕಲ್ಲು ಆಳದಷ್ಟೇ ದಪ್ಪವಾದಾಗ ಈ ಸೂತ್ರವೇ ಕೈಕೊಡುತ್ತದೆ, ಇನ್ನೂ ಕೆಳಗೆ ಹೋಗಬಹುದು. ಒಂದಡಿ ಆಳದ ನೀರಿಗೆ 0.66 ಬಳಸಿ ಎನ್ನುವ ನೀರಾವರಿ ಕೈಪಿಡಿಗಳೂ ಇವೆ. ಹಾಗಾಗಿ ನಿಮ್ಮ ಹಳ್ಳಕ್ಕೆ ಪ್ರಾಮಾಣಿಕವಾಗಿ ಹೇಳಬಹುದಾದದ್ದು ಇಷ್ಟೇ: ಗುಣಾಂಕ 0.65 ರಿಂದ 0.85 ರ ನಡುವೆ ಎಲ್ಲೋ ಇದೆ. ನಡುವಿನದು 0.75. ನೀವು ಹಿಡಿದದ್ದು ಈ ಪಟ್ಟಿಯ ತುತ್ತತುದಿ.

ಈ '0.10 ಆಚೀಚೆ' ಎಂಬುದನ್ನು ಸಮಯದ ಶೇಕಡಾ 2 ರ ಪಕ್ಕದಲ್ಲಿ ಹಾಗೇ ಇಡಬಾರದು. ಒಂದು ಸರಾಸರಿಯ ಪ್ರಮಾಣಿತ ಅನಿಶ್ಚಿತತೆ, ಇನ್ನೊಂದು ಹೊರಗಿನ ಬೇಲಿ. ಸೇರನ್ನೂ ಕೊಳಗವನ್ನೂ ಅಕ್ಕಪಕ್ಕ ಇಟ್ಟು ಎಣಿಸಿದರೆ ಯಾವುದು ಹೆಚ್ಚು ಎಂದು ಹೇಗೆ ಗೊತ್ತಾಗಬೇಕು? ಬೇಲಿಯೊಳಗೆ ಎಲ್ಲಿ ಬೇಕಾದರೂ ಸಮಾನವಾಗಿ ಇರಬಹುದು ಎನ್ನುವಾಗ ಅರ್ಧ ಅಗಲವನ್ನು √3 ರಿಂದ ಭಾಗಿಸುವುದು ರೂಢಿ. 0.10 ನ್ನು √3 ರಿಂದ ಭಾಗಿಸಿದರೆ 0.058. 0.75 ಕ್ಕೆ ಹೋಲಿಸಿದರೆ ಶೇಕಡಾ 7.7. ಮೇಲೆ ಕೋಲಿನ ಅರ್ಧ ಸೆಂಟಿಮೀಟರನ್ನೂ ಹೀಗೇ ಇಳಿಸಿಯೇ ಶೇಕಡಾ 2 ಎಂದದ್ದು. ನಿಮ್ಮ ಗೈಡ್ ಖಂಡಿತ ಕೇಳುವ ಪ್ರಶ್ನೆ ಇದು: ಎಲ್ಲವನ್ನೂ ಒಂದೇ ಅಳತೆಗೆ ತಂದಿದ್ದೀಯಾ?

ಈಗ ಜೋಡಿಸೋಣ. ಶೇಕಡಾವಾರಿಗಿಂತ ಲೀಟರಿನಲ್ಲೇ ಹೇಳುವುದು ನನಗೆ ಇಷ್ಟ, ಏಕೆಂದರೆ ಕೊನೆಯ ಉತ್ತರ ಇರುವುದು ಲೀಟರಿನಲ್ಲಿ. ಗುಣಾಂಕ 0.75 ಇಟ್ಟರೆ ಹರಿವು 53 ಲೀಟರಿಗೆ ಬರುತ್ತದೆ. ಕ್ಯಾಲ್ಕುಲೇಟರಿನಲ್ಲಿ ಉಳಿದದ್ದನ್ನೆಲ್ಲ ಹಾಗೇ ಬಿಟ್ಟು ಒಂದೊಂದನ್ನೇ ಅದರ ಅನಿಶ್ಚಿತತೆಯಷ್ಟು ಅಲುಗಿಸಿ, ಉತ್ತರ ಎಷ್ಟು ಅಲುಗಿತು ಎಂದು ಬರೆದುಕೊಳ್ಳಿ. ಗುಣಾಂಕ ಅಲುಗಿದರೆ 4.1 ಲೀಟರ್. ಅಡ್ಡಕೊಯ್ತ 1.9. ಸಮಯ 1.1. ದೂರ 0.3. ಶ್ರೇಣಿ ತಾನಾಗಿ ಬಂತು.

ಆದರೆ ಪ್ರಧಾನ ಎಂದು ಹೇಳಲು ಬರೀ ಶ್ರೇಣಿ ಸಾಲದು. 4.1 ಎಂಬುದು 1.9 ಕ್ಕಿಂತ ಎರಡು ಪಟ್ಟು ಮಾತ್ರ ಅಲ್ಲವೇ, ಉಳಿದದ್ದೂ ಸಾಕಷ್ಟಿದೆ ಎಂದು ಯಾರಾದರೂ ಕೇಳಬಹುದು. ಇಲ್ಲಿಯೇ ವರ್ಗಗಳು ಕೆಲಸ ಮಾಡುವುದು. ಒಂದಕ್ಕೊಂದು ಸಂಬಂಧವಿಲ್ಲದ ದೋಷಗಳು ನೇರವಾಗಿ ಕೂಡುವುದಿಲ್ಲ, ಅವುಗಳ ವರ್ಗಗಳು ಕೂಡುತ್ತವೆ. ಗುಣಾಂಕದ ವರ್ಗ 16.8, ಅಡ್ಡಕೊಯ್ತದ್ದು 3.5, ಸಮಯದ್ದು 1.2, ದೂರದ್ದು 0.1. ಒಟ್ಟು 21.6, ವರ್ಗಮೂಲ 4.6 ಲೀಟರ್. ಈ 21.6 ರಲ್ಲಿ 16.8, ಅಂದರೆ ನೂರಕ್ಕೆ 78 ಪಾಲು, ಗುಣಾಂಕ ಒಂದರದ್ದೇ.

ಇದಕ್ಕಿಂತಲೂ ಮನಸ್ಸಿಗೆ ನಾಟುವ ಪರೀಕ್ಷೆ ಇನ್ನೊಂದಿದೆ, ವರದಿಯಲ್ಲಿ ಅದನ್ನೇ ಮುಂದಿಡಿ. ನಾಳೆ ನಿಮಗೆ ಸಮಯವನ್ನು ಒಂದಿನಿತೂ ತಪ್ಪಿಲ್ಲದೆ ಅಳೆಯುವ ವರ ಸಿಕ್ಕಿತು ಎಂದುಕೊಳ್ಳಿ. 21.6 ರಿಂದ 1.2 ಕಳೆಯಿರಿ, ವರ್ಗಮೂಲ 4.5. ಒಟ್ಟು ಅನಿಶ್ಚಿತತೆ 4.6 ಇದ್ದದ್ದು 4.5 ಆಯಿತು. ಅಡ್ಡಕೊಯ್ತವನ್ನೂ ಪೂರ್ತಿ ಸರಿ ಮಾಡಿದಿರಿ ಎನ್ನಿ, ಆಗಲೂ 4.1 ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಬದಲಿಗೆ, ಉಳಿದ ಯಾವುದನ್ನೂ ಮುಟ್ಟದೆ ಗುಣಾಂಕದ ಅನಿಶ್ಚಿತತೆಯನ್ನು ಬರೀ ಅರ್ಧಕ್ಕೆ ಇಳಿಸಿದರೆ ಒಟ್ಟು 3.0 ಲೀಟರಿಗೆ ಬಂದು ನಿಲ್ಲುತ್ತದೆ. ಒಂದನ್ನು ಪೂರ್ತಿ ಗುಣಪಡಿಸಿದರೂ ಉತ್ತರ ಕದಲದು, ಇನ್ನೊಂದನ್ನು ಅರ್ಧ ಗುಣಪಡಿಸಿದರೆ ಮೂರರಲ್ಲೊಂದು ಪಾಲು ಕಡಿಮೆಯಾಗುತ್ತದೆ. ಪ್ರಧಾನ ದೋಷ ಎಂದರೆ ಇದು. ನೀವು ಇನ್ನೂ ಮೂವತ್ತು ಸಲ ನಿಂಬೆಹಣ್ಣು ಬಿಡಲು ಹೊರಟಿದ್ದರೆ ದಯವಿಟ್ಟು ಬೇಡ. ನಲವತ್ತು ಸಲ ಅದೇ 0.85 ರಿಂದ ಗುಣಿಸಿದರೆ ನಲವತ್ತು ಸಲವೂ ಅದೇ ದಿಕ್ಕಿಗೆ, ಅಷ್ಟೇ ತಪ್ಪುತ್ತೀರಿ.

ಈಗ ನಿಮ್ಮ ಪಟ್ಟಿಯಲ್ಲಿ ಇಲ್ಲದ ಒಂದು ವಿಷಯ. ಹತ್ತೂ ಸಲ ನಡುವೆಯೇ ಬಿಟ್ಟೆ ಎಂದಿದ್ದೀರಿ. ನಡುವೆ ಆಳ ಹೆಚ್ಚು, ಓಟವೂ ಹೆಚ್ಚು. ದಡದ ಹತ್ತಿರ 8 ಸೆಂಟಿಮೀಟರ್ ನೀರಿರುವಲ್ಲಿ ಅದೇ ನಿಂಬೆಹಣ್ಣು ತೂಕಡಿಸಿಕೊಂಡು ಹೋಗುತ್ತದೆ. ಆದರೆ ನೀವು ನಡುವಿನ ವೇಗವನ್ನು ದಡದಿಂದ ದಡದವರೆಗಿನ ಪೂರ್ತಿ 0.284 ಕ್ಕೂ ಹಚ್ಚಿದ್ದೀರಿ. ಈ ತಪ್ಪು ಹತ್ತು ರೀಡಿಂಗ್‌ಗಳ ಏರುಪೇರಿನಲ್ಲಿ ಎಲ್ಲಿಯೂ ತಲೆ ಹಾಕುವುದಿಲ್ಲ, ಏಕೆಂದರೆ ಹತ್ತರಲ್ಲೂ ಅದು ಒಂದೇ ಸಮ. ಎಷ್ಟಿರಬಹುದು ಎಂದು ನಿಮ್ಮ ಆಳದ ಅಂಕಿಗಳಿಂದಲೇ ಅಂದಾಜು ಮಾಡಿದೆ. ವೇಗವು ಆಳದ ವರ್ಗಮೂಲದ ಪ್ರಮಾಣದಲ್ಲಿ ಇರುತ್ತದೆ ಎಂದು ಹಿಡಿದು, ಆಳ ಹೆಚ್ಚಿದ್ದಲ್ಲಿ ಹೆಚ್ಚು ತೂಕ ಕೊಟ್ಟು ಸರಾಸರಿ ತೆಗೆದರೆ, ನಡುವಿನ ವೇಗದ 0.86 ರಷ್ಟು ಬರುತ್ತದೆ. 53 ಲೀಟರ್ 46 ಕ್ಕೆ ಇಳಿಯಿತು. ನೀವು ಬರೆದ 60 ಎಲ್ಲಿ, 46 ಎಲ್ಲಿ!

ಇದನ್ನು ಅನಿಶ್ಚಿತತೆಯ ಸಾಲಿನಲ್ಲಿ ಆಚೀಚೆ ಎಂದು ಹಾಕಬೇಡಿ. ಯಾವ ಕಡೆಗೆ ತಪ್ಪಿದೆ ಎಂದು ಗೊತ್ತಿರುವ ದೋಷವನ್ನು ಮೊದಲು ತಿದ್ದಬೇಕು. ತಿದ್ದಿದ ಮೇಲೆ ಆ ತಿದ್ದುಪಡಿಯಲ್ಲಿ ಎಷ್ಟು ಅನುಮಾನ ಉಳಿಯಿತೋ ಅಷ್ಟು ಮಾತ್ರ ಸಾಲಿಗೆ ಬರುತ್ತದೆ. ಆ ಅನುಮಾನ ಸೇರುವುದೂ ಗುಣಾಂಕದ ಪಾಲಿಗೇ, ಏಕೆಂದರೆ ಎರಡರ ಕೆಲಸವೂ ನಿಂಬೆಹಣ್ಣಿನ ವೇಗವನ್ನು ಇಡೀ ಹಳ್ಳದ ಸರಾಸರಿಗೆ ಇಳಿಸುವುದು. ಹಾಗಾಗಿ ಗುಣಾಂಕ ಪ್ರಧಾನ ಎಂಬ ಮಾತು ಇದರಿಂದ ಇನ್ನಷ್ಟು ಗಟ್ಟಿಯಾಗುತ್ತದೆ. ಒಂದು ಸಮಾಧಾನವೂ ಇದೆ: ದಡದಿಂದ ದಡಕ್ಕೆ ವೇಗ ಹೇಗೆ ಬದಲಾಗುತ್ತದೆ ಎಂಬುದನ್ನು ಅಂದಾಜು ಮಾಡುತ್ತ ಕೂರಬೇಕಿಲ್ಲ, ಅಳೆದುಬಿಡಬಹುದು. ಎಡಕ್ಕೆ, ನಡುವೆ, ಬಲಕ್ಕೆ ಹೀಗೆ ಮೂರು ಸಾಲಿನಲ್ಲಿ ತಲಾ ನಾಲ್ಕು ಸಲ ಬಿಡಿ. ಪ್ರತಿ ಸಾಲಿನ ವೇಗವನ್ನು ಆ ಸಾಲಿನ ಅಡ್ಡಕೊಯ್ತಕ್ಕೆ ಮಾತ್ರ ಗುಣಿಸಿ, ಮೂರನ್ನೂ ಕೂಡಿಸಿ. ಅರ್ಧ ಗಂಟೆಯ ಕೆಲಸ.

ಆಳದ ಕಡೆಯ ಗುಣಾಂಕವನ್ನು ಮಾತ್ರ ತೇಲಿಬಿಟ್ಟು ತಿಳಿಯಲು ಬರುವುದಿಲ್ಲ. ಅದಕ್ಕೆ ಬೇರೆ ದಾರಿಯ ಅಳತೆ ಬೇಕು. ನಮ್ಮ ಮನೆಯ ಹಿಂದಿನ ಹಳ್ಳದಲ್ಲಿ ನಾನು ಮಾಡಿದ್ದನ್ನು ಹೇಳುತ್ತೇನೆ. ಫೆಬ್ರವರಿಯಲ್ಲಿ ನೀರು ಇಳಿದಿತ್ತು. ತೇಲಿಬಿಟ್ಟು ಅಳೆದ ನಡುವಿನ ವೇಗಕ್ಕೆ ಅಡ್ಡಕೊಯ್ತ ಗುಣಿಸಿದರೆ ಸೆಕೆಂಡಿಗೆ 27 ಲೀಟರ್, ಅದನ್ನು 0.85 ರಿಂದ ಗುಣಿಸಿದರೆ 23. ತೋಟಕ್ಕೆ ನೀರು ತಿರುಗಿಸಲು ಹೇಗೂ ಒಡ್ಡು ಹಾಕಬೇಕಿತ್ತು. ಆ ಒಡ್ಡಿನ ಬಾಯಿಗೆ ಒಂದು ಹಲಗೆ ನಿಲ್ಲಿಸಿದೆ, ಮೇಲಂಚಿನಲ್ಲಿ 90 ಡಿಗ್ರಿಯ V ಆಕಾರದ ಕಚ್ಚು ಕೊಯ್ದಿದ್ದೆ. ಹಲಗೆಯ ಬದಿಗಳಿಗೆ ಅಡಿಕೆ ಹಾಳೆ ಒತ್ತಿ, ಅದರ ಮೇಲೆ ಜಿಗುಟು ಮಣ್ಣು ಮೆತ್ತಿದೆ. ಮೊದಲ ದಿನ ಅಡಿಯಿಂದ ನೀರು ಸೋರುತ್ತಿತ್ತು, ಮರುದಿನ ಮತ್ತೆ ಮೆತ್ತಿದ ಮೇಲೆ ನಿಂತಿತು. ಹಿಂದೆ ನೀರು ಏರಿ, ಏರುವುದು ನಿಂತ ಮೇಲೆ ಕಚ್ಚಿನ ತಳದಿಂದ ನೀರಿನ ಮಟ್ಟದವರೆಗಿನ ಎತ್ತರ ಅಳೆದರೆ 17 ಸೆಂಟಿಮೀಟರ್. ಇಂಥ ಕಚ್ಚಿಗೆ ಸೂತ್ರ ಹೀಗಿದೆ, h ಮೀಟರಿನಲ್ಲಿ, Q ಸೆಕೆಂಡಿಗೆ ಘನಮೀಟರಿನಲ್ಲಿ:

```
Q = 1.38 h^2.5
```

ಸೆಕೆಂಡಿಗೆ 16.4 ಲೀಟರ್ ಬಂತು. 23 ಅಲ್ಲ. 16.4 ನ್ನು 27 ರಿಂದ ಭಾಗಿಸಿದರೆ 0.61, ನಡುವಿನ ವೇಗಕ್ಕೆ ನಮ್ಮ ಹಳ್ಳದ ನಿಜವಾದ ಗುಣಾಂಕ ಅದು. ಕಲ್ಲಿನ ಲೆಕ್ಕದ 0.72 ನ್ನು ದಡದ ಲೆಕ್ಕದ 0.86 ರಿಂದ ಗುಣಿಸಿದರೆ 0.62 ಬರುತ್ತದೆ. ನಿಮ್ಮ ಹಳ್ಳ ಬೇರೆ, ನಮ್ಮದು ಬೇರೆ, ಇಷ್ಟು ಹತ್ತಿರ ಬಂದದ್ದರಲ್ಲಿ ಅದೃಷ್ಟವೂ ಇದೆ. ಆದರೆ 0.85 ಇಂಥ ಹಳ್ಳಕ್ಕೆ ಸಲ್ಲದು ಎಂಬುದಕ್ಕೆ ನನಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಕಚ್ಚಿನ ಹಲಗೆಗೂ ಅದರದೇ ಶ್ರೇಣಿ ಇದೆ, ನಿಮ್ಮದಕ್ಕಿಂತ ಪೂರ್ತಿ ಬೇರೆ. ಅಲ್ಲಿ ಎತ್ತರವೇ ರಾಜ. ಸೂತ್ರದಲ್ಲಿ h ನ ಘಾತ 2.5 ಇರುವುದರಿಂದ ಎತ್ತರದಲ್ಲಿ ಆದ ಶೇಕಡಾವಾರು ತಪ್ಪು ಹರಿವಿನಲ್ಲಿ ಎರಡೂವರೆ ಪಟ್ಟಾಗುತ್ತದೆ. 17 ಸೆಂಟಿಮೀಟರಿನಲ್ಲಿ 3 ಮಿಲಿಮೀಟರ್ ತಪ್ಪಿದರೆ ಶೇಕಡಾ 1.8, ಹರಿವಿನಲ್ಲಿ ಅದು 4.4. ಅದೇ 3 ಮಿಲಿಮೀಟರ್, ಏಪ್ರಿಲ್‌ನಲ್ಲಿ ಎತ್ತರ 5 ಸೆಂಟಿಮೀಟರಿಗೆ ಇಳಿದಾಗ ಶೇಕಡಾ 6, ಹರಿವಿನಲ್ಲಿ 15. ಸ್ಕೇಲು ಅದೇ, ಕಣ್ಣು ಅದೇ, ತಪ್ಪು ಮಾತ್ರ ಮೂರು ಪಟ್ಟಿಗೂ ಹೆಚ್ಚು. ಇನ್ನೊಂದು ಎಚ್ಚರ: ಎತ್ತರವನ್ನು ಕಚ್ಚಿನ ಬಾಯಲ್ಲೇ ಅಳೆಯಬೇಡಿ. ಅಲ್ಲಿ ನೀರು ಬೀಳುವ ಮೊದಲು ಬಾಗಿರುತ್ತದೆ, ಕಡಿಮೆ ತೋರುತ್ತದೆ. ಎತ್ತರದ ನಾಲ್ಕು ಪಟ್ಟಾದರೂ ಹಿಂದಕ್ಕೆ, ನನ್ನ ಹಳ್ಳದಲ್ಲಿ ಸುಮಾರು 70 ಸೆಂಟಿಮೀಟರ್ ಹಿಂದೆ, ಗೂಟ ಹೊಡೆದು ಅಲ್ಲಿ ಓದಬೇಕು. ಕಚ್ಚಿನಿಂದ ಬೀಳುವ ನೀರು ಹಲಗೆಗೆ ಅಂಟಿಕೊಂಡು ಇಳಿಯದೆ ದೂರ ಚಿಮ್ಮಿ ಬೀಳಬೇಕು, ಕೆಳಗೆ ಗಾಳಿ ಆಡಬೇಕು. ಅಂಟಿಕೊಂಡರೆ ಸೂತ್ರ ನಡೆಯದು. ನಿಮ್ಮ ಹರಿವು ಈಗ 50 ಲೀಟರಿನ ಸುಮಾರಿನಲ್ಲಿ ಇರುವುದರಿಂದ ಎತ್ತರ 26-27 ಸೆಂಟಿಮೀಟರ್ ಬೇಕಾಗುತ್ತದೆ. ಅಷ್ಟು ನೀರು ಹಿಂದೆ ನಿಂತರೆ ಮೇಲಿನವರ ತೋಟಕ್ಕೆ ನುಗ್ಗೀತೇ ಎಂದು ನೋಡಿಕೊಳ್ಳಿ. ನುಗ್ಗುವ ಹಾಗಿದ್ದರೆ ನೀರು ಇನ್ನಷ್ಟು ಇಳಿಯುವವರೆಗೆ ಕಾಯಿರಿ. ಆದರೆ ಆಳ ಇಳಿದಂತೆ ಗುಣಾಂಕವೂ ಇಳಿಯುತ್ತದೆ, ಹಾಗಾಗಿ ಹಲಗೆ ಹಾಕುವ ಮುಂಚೆ ಅದೇ ದಿನ ನಿಂಬೆಹಣ್ಣನ್ನೂ ಬಿಟ್ಟು ಅಳೆಯಬೇಕು.

ಇಷ್ಟು ಹೇಳಿದ ಮೇಲೆ ನಿಮ್ಮ ಸ್ಟಾಪ್‌ವಾಚಿಗೆ ನ್ಯಾಯ ಸಲ್ಲಿಸಬೇಕು. ಜುಲೈನಲ್ಲಿ ಇದೇ ಹಳ್ಳ ಕೆಂಪಗೆ ತುಂಬಿ ಬಂದಾಗ ಅದೇ 10 ಮೀಟರನ್ನು ನಿಂಬೆಹಣ್ಣು 8 ಸೆಕೆಂಡಿನಲ್ಲಿ ದಾಟಬಹುದು. ಆಗ ಬೆರಳಿನ ಕಾಲು ಸೆಕೆಂಡ್ ಎಂದರೆ ಶೇಕಡಾ 3. ಪ್ರತಿ ಸಲವೂ ಒಂದೇ ಕಡೆಗೆ ತಡವಾದರೆ, ಉದಾಹರಣೆಗೆ ಒಬ್ಬರು ಮೇಲೆ ನಿಂತು ಕೂಗಿ ಇನ್ನೊಬ್ಬರು ಕೆಳಗೆ ಗುಂಡಿ ಒತ್ತಿದರೆ, ಸರಾಸರಿ ತೆಗೆದರೂ ಅದು ಹೋಗುವುದಿಲ್ಲ. ಆಳ ಹೆಚ್ಚಿದ್ದರಿಂದ ಗುಣಾಂಕದ ಅನುಮಾನ ಕಡಿಮೆಯಾಗಿರುತ್ತದೆ; ಆದರೆ ನೀರಿಗೆ ಇಳಿದು ಆಳ ಅಳೆಯಲು ಆಗದು, ಇಳಿಯಲೂ ಬಾರದು. ಮಳೆಗಾಲದಲ್ಲಿ ಅಡ್ಡಕೊಯ್ತವೇ ಮೊದಲ ಸ್ಥಾನಕ್ಕೆ ಬರುವುದು ಹೀಗೆ. ಗೆಳೆಯರು ಯಾರಾದರೂ ಕಾರವಾರ ಅಥವಾ ಅಂಕೋಲಾ ಕಡೆ ಸಮುದ್ರಕ್ಕೆ ಹತ್ತಿರದ ಹಳ್ಳದಲ್ಲಿ ಇದನ್ನೇ ಮಾಡುತ್ತಿದ್ದರೆ ಅವರ ಶ್ರೇಣಿಯೂ ಬೇರೆ: ಉಬ್ಬರದ ನೀರು ಒಳಗೆ ಬರುವ ಜಾಗದಲ್ಲಿ ಯಾವ ಗಂಟೆಗೆ ಅಳೆದೆ ಎಂಬುದೇ ಉಳಿದೆಲ್ಲವನ್ನೂ ನುಂಗುತ್ತದೆ. ಉಬ್ಬರ ಮುಟ್ಟದಷ್ಟು ಮೇಲೆ ಹೋಗಿ ಅಳೆಯಲು ಹೇಳಿ. ಒಬ್ಬರ ಶ್ರೇಣಿಯನ್ನು ಇನ್ನೊಬ್ಬರು ನಕಲು ಮಾಡಲು ಬರುವುದಿಲ್ಲ.

ವರದಿಯಲ್ಲಿ ಬರೆಯುವ ರೀತಿಯ ಬಗ್ಗೆ ಒಂದು ಮಾತು. 'ಮಾನವ ದೋಷ', 'ಉಪಕರಣ ದೋಷ' ಎಂಬ ಶಬ್ದಗಳನ್ನು ತೆಗೆದುಹಾಕಿ. ಅವು ಯಾವ ಅಳತೆಯನ್ನೂ ಹೆಸರಿಸುವುದಿಲ್ಲ, ಹಾಗಾಗಿ ಅವಕ್ಕೆ ಅಂಕಿ ಕೊಡಲೂ ಆಗದು. ಬದಲಿಗೆ ಹೀಗೆ ಬರೆಯಬಹುದು: 'ಮೇಲ್ಮೈ ವೇಗವನ್ನು ಸರಾಸರಿಗೆ ಇಳಿಸುವ ಗುಣಾಂಕವನ್ನು ಅಳೆದಿಲ್ಲ. ತಳದ ಕಲ್ಲು ಮತ್ತು 12 ಸೆಂಟಿಮೀಟರ್ ಆಳವನ್ನು ನೋಡಿ 0.65 ರಿಂದ 0.85 ರ ನಡುವೆ ಇದೆ ಎಂದು ತೆಗೆದುಕೊಂಡಿದ್ದೇನೆ. ಒಟ್ಟು ಅನಿಶ್ಚಿತತೆಯ ವರ್ಗದಲ್ಲಿ ಇದರ ಪಾಲು ನೂರಕ್ಕೆ 78. ಸಮಯದ ದೋಷವನ್ನು ಸೊನ್ನೆ ಮಾಡಿದರೂ ಒಟ್ಟು 4.6 ರಿಂದ 4.5 ಲೀಟರಿಗೆ ಮಾತ್ರ ಇಳಿಯುತ್ತದೆ.' ಮೂರು ಸಾಲಿನಲ್ಲಿ ಬಿಟ್ಟು ಅಳೆದ ಮೇಲೆ ಅಂಕಿಗಳು ಬದಲಾಗುತ್ತವೆ, ಅವನ್ನು ಹಾಕಿ. 0.65 ಮತ್ತು 0.85 ನೀವೇ ಆರಿಸಿಕೊಂಡ ಬೇಲಿ ಎಂಬುದನ್ನು ಮುಚ್ಚಿಡಬೇಡಿ. ಬೇಲಿಯನ್ನು 0.70 ರಿಂದ 0.80 ಕ್ಕೆ ಕಿರಿದು ಮಾಡಿದರೆ ಏನಾಗುತ್ತದೆ ಎಂದು ಯಾರಾದರೂ ಕೇಳಿದರೆ ಉತ್ತರ ಸಿದ್ಧವಿರಲಿ: ಗುಣಾಂಕ 2.05 ಲೀಟರ್, ಅಡ್ಡಕೊಯ್ತ 1.9, ಎರಡೂ ಹೆಗಲಿಗೆ ಹೆಗಲು ಕೊಟ್ಟು ನಿಲ್ಲುತ್ತವೆ. ಆಗ ಒಂದೇ ಪ್ರಧಾನ ಎಂದು ಹೇಳಲು ಬರುವುದಿಲ್ಲ, ಎರಡನ್ನೂ ಹೆಸರಿಸಬೇಕು. ಆ ಸ್ಥಿತಿಯಲ್ಲೂ ಸಮಯ ಮೂರನೆಯದೇ.

ಭಾನುವಾರ ಹಳ್ಳಕ್ಕೆ ಹೋಗುವಾಗ ಕೋಲಿನ ತುದಿಗೆ ಅಂಗೈ ಅಗಲದ ಒಂದು ಹಲಗೆ ತುಂಡು ಮೊಳೆ ಹೊಡೆದುಕೊಂಡು ಹೋಗಿ, ಮರಳಿನಲ್ಲಿ ಇಳಿಯುವುದು ನಿಲ್ಲುತ್ತದೆ. ಎಂಟೂವರೆಯೊಳಗೆ ಮುಗಿಸಿ. ಗಾಳಿ ಎದ್ದ ಮೇಲೆ ತೇಲಿಬಿಟ್ಟ ಹಣ್ಣಿನ ಓಟ ಬರೀ ನೀರಿನದ್ದಾಗಿ ಉಳಿಯುವುದಿಲ್ಲ.